ವಿಡಿಯೋ ಕಾಲ್ ಕಡಿಮೆಯಾದರೆ ಮೊದಲು ಗಡಿಯಾರ ನೋಡಿ

ಸವಣೂರು ತಾಲ್ಲೂಕಿನ ಯಲವಿಗಿಯಲ್ಲಿ ಒಬ್ಬ ಶಿಕ್ಷಕಿ ಇದ್ದಾಳೆ, ಆಕೆ ಮದುವೆಯಾಗಲಿರುವ ಹುಡುಗ ದುಬೈನ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ ಎಂದಿಟ್ಟುಕೊಳ್ಳಿ. ದಿನಾ ಬರುತ್ತಿದ್ದ ವಿಡಿಯೋ ಕಾಲ್ ಈಗ ವಾರಕ್ಕೊಂದಾಗಿದೆ. ಅವನಿಗೆ ಕೆಲಸ ಹೆಚ್ಚಾಯಿತೋ, ಇವಳ ಮೇಲಿನ ಮನಸ್ಸು ಕಡಿಮೆಯಾಯಿತೋ?

ಮೊದಲು ಗಡಿಯಾರದ ಲೆಕ್ಕ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅವನು ಸಂಜೆ ಏಳಕ್ಕೆ ರೂಮಿಗೆ ಬಂದರೆ ಇಲ್ಲಿ ಎಂಟೂವರೆ. ಇವಳು ಹತ್ತಕ್ಕೆ ಮಲಗುವವರೆಗೆ ಮಾತಾಡಬಹುದು. ಅವನ ಪಾಳಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಎಂದು ಬದಲಾಯಿತು ಅನ್ನಿ. ಅವನು ಕೆಲಸ ಮುಗಿಸುವಾಗ ಇಲ್ಲಿ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಅವನು ಬಿಡುವಾಗಿದ್ದರೆ ಇವಳು ತರಗತಿಯಲ್ಲಿರುತ್ತಾಳೆ. ಇಬ್ಬರಿಗೂ ಹೊಂದುವ ಹೊತ್ತು ರಜೆಯ ದಿನ ಬಿಟ್ಟರೆ ಉಳಿಯುವುದೇ ಇಲ್ಲ. ಏಳು ಕಾಲ್ ಒಂದಕ್ಕಿಳಿಯಲು ಇಷ್ಟೇ ಸಾಕು. ಸಾಲದ್ದಕ್ಕೆ ಯುಎಇಯಲ್ಲಿ ವಾಟ್ಸ್ಆ್ಯಪ್ ಕಾಲ್‌ಗೆ ಬಹುಕಾಲದಿಂದ ನಿರ್ಬಂಧವಿದೆ. ಹಲವರು ಬೋಟಿಮ್‌ನಂಥ ಬೇರೆ ಆ್ಯಪ್ ಹಿಡಿದಿದ್ದಾರೆ.

ಹಾಗಾಗಿ ನೋಡಬೇಕಾದದ್ದು ಕಾಲ್‌ಗಳ ಸಂಖ್ಯೆಯನ್ನಲ್ಲ, ಬಿಡುವು ಸಿಕ್ಕಾಗ ಅವನು ಏನು ಮಾಡುತ್ತಾನೆ ಎಂಬುದನ್ನು. ಮನೋವಿಜ್ಞಾನಿ ಹ್ಯಾರಿ ರೀಸ್ ದಶಕಗಳಿಂದ ಹೇಳುತ್ತ ಬಂದಿರುವುದು ಇದನ್ನೇ: ಎದುರಿನವರು ನನ್ನನ್ನು ಅರ್ಥಮಾಡಿಕೊಂಡಿದ್ದಾರೆ, ನನ್ನ ಮಾತಿಗೆ ಬೆಲೆ ಕೊಡುತ್ತಾರೆ, ನನ್ನ ಬಗ್ಗೆ ಕಾಳಜಿ ಇದೆ ಅನ್ನಿಸುವುದರ ಮೇಲೆ ಆಪ್ತತೆ ನಿಂತಿರುತ್ತದೆ. ದೂರದಲ್ಲಿರುವ ಜೋಡಿಗಳ ಕುರಿತು 2021ರಲ್ಲಿ ಪ್ರಕಟವಾದ ಹೋಲ್ಟ್ಸ್‌ಮನ್ ತಂಡದ ಅಧ್ಯಯನದಲ್ಲೂ ಸ್ಪಂದಿಸುವ ಮೆಸೇಜುಗಳಿಗೂ ಸಂಬಂಧದ ತೃಪ್ತಿಗೂ ನಂಟು ಕಂಡಿತು. ನಂಟು ಅಂದರೆ ಕಾರಣವೆಂದಲ್ಲ. ಸುಖವಾಗಿರುವವರೇ ಹೆಚ್ಚು ಸ್ಪಂದಿಸುತ್ತಿರಲೂಬಹುದು.

ಶಿಕ್ಷಕಿ "ಗುರುವಾರ ಅವ್ವನ ಕಣ್ಣಿನ ಆಪರೇಶನ್ ಐತ್ರಿ" ಎಂದು ಬರೆದಳು ಅನ್ನಿ. ಪುರುಸೊತ್ತಿಲ್ಲದವನು ಅಂದು ಕಾಲ್ ಮಾಡಲಾಗದಿದ್ದರೂ ನಡುರಾತ್ರಿ "ಅವ್ವ ಹೆಂಗದಾಳ? ಇವತ್ತ ಆಗಲಿಲ್ಲ, ರಜಾದಿನ ಮುಂಜಾನೆ ಮಾಡ್ತೀನಿ" ಎಂದು ಹಾಕುತ್ತಾನೆ, ಹೇಳಿದಂತೆ ಮಾಡುತ್ತಾನೆ. ಮನಸ್ಸು ಹಿಂದೆ ಸರಿದವನಿಂದ "ಓಕೆ" ಬರುತ್ತದೆ, ಆಪರೇಶನ್ ಮಾತು ಮತ್ತೆ ಏಳುವುದಿಲ್ಲ. ರಜಾದಿನವೂ ಹಾಗೇ ಕಳೆಯುತ್ತದೆ, ತಪ್ಪಿದ ಕಾಲ್‌ಗೆ ಬದಲಿ ಹೊತ್ತನ್ನು ಅವನಾಗಿ ಹೇಳುವುದಿಲ್ಲ. ಪಾಳಿ ಹಳೆಯದಕ್ಕೆ ಮರಳಿದ ಮೇಲೂ ಇದೇ ಮುಂದುವರಿದರೆ ಕೆಲಸದ ಒತ್ತಡ ಅದಕ್ಕೆ ಕಾರಣವಾಗಿ ಉಳಿಯುವುದಿಲ್ಲ.

ಒಂದು ಕೆಟ್ಟ ವಾರದಿಂದ ಇದನ್ನು ನಿರ್ಧರಿಸಬಾರದು. ಮೂರ್ನಾಲ್ಕು ವಾರವಾದರೂ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಈಗಾಗಲೇ ಬೇಸರಗೊಂಡ ಮನಸ್ಸು ಸಂಗಾತಿಯ ಸಣ್ಣ ತಪ್ಪನ್ನೂ ಅವರ ಸ್ವಭಾವಕ್ಕೇ ಅಂಟಿಸುತ್ತದೆ ಎಂದು ಮನೋವಿಜ್ಞಾನಿಗಳಾದ ಫಿಂಚಮ್ ಮತ್ತು ಬ್ರಾಡ್‌ಬರಿ ಅವರ ಸಂಶೋಧನೆಗಳು ತೋರಿಸಿವೆ.

ಮೂರನೆಯ ಸಾಧ್ಯತೆಯೂ ಇದೆ, ಅದನ್ನು ಮರೆತರೆ ಅನ್ಯಾಯವಾಗುತ್ತದೆ. ಅವನು ತನ್ನ ತಾಯಿಗೂ ಗೆಳೆಯರಿಗೂ ಫೋನ್ ಮಾಡುವುದನ್ನು ಬಿಟ್ಟಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಅದು ಖಿನ್ನತೆಯೋ ಸಾಲದ ಚಿಂತೆಯೋ ಇರಬಹುದು. ಆಗ "ನನ್ನ ಮ್ಯಾಲ ಪ್ರೀತಿ ಇಲ್ಲೇನ್ರಿ?" ಎನ್ನುವುದಕ್ಕಿಂತ "ಅಲ್ಲಿ ಏನ್ ನಡದೈತ್ರಿ, ನಿದ್ದಿ ಬರ್ತೈತೇನು?" ಎಂದು ಕೇಳಿದರೆ ಉತ್ತರ ಸಿಗುವ ಸಂಭವ ಹೆಚ್ಚು.