ಅಳಿಸಿದ ಮೆಸೇಜು ಮರಳಿ ಸಿಗುವುದೇ?

ಮನೆ ಮಾಲೀಕ ಕಳಿಸಿದ್ದ ಮುಂಗಡದ ಲೆಕ್ಕದ ಎಸ್ಸೆಮ್ಮೆಸ್ಸು, ಕರೆಗಳ ಪಟ್ಟಿ ಎರಡೂ ಮಂಗಳವಾರ ಸಂಜೆ ಕೈತಪ್ಪಿ ಅಳಿಸಿಹೋದವು ಎನ್ನಿ. ಆ ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಬ್ಯಾಕಪ್ ಮೊದಲೇ ಚಾಲೂ ಇದ್ದರೆ ಸೋಮವಾರ ರಾತ್ರಿಯ ಪ್ರತಿ ಉಳಿದಿರಬಹುದು. ಆದರೆ ಮುಂದಿನ ಬ್ಯಾಕಪ್ ಆದೊಡನೆ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ.

ಅದು ಸಾಮಾನ್ಯವಾಗಿ ನಡೆಯುವುದು ಫೋನ್ ವೈಫೈಯಲ್ಲಿದ್ದು, ಚಾರ್ಜ್ ಆಗುತ್ತಾ ಸುಮ್ಮನಿರುವಾಗ. ಹಾಗಾಗಿ ತಕ್ಷಣ ವೈಫೈ, ಮೊಬೈಲ್ ಡೇಟಾ ಎರಡನ್ನೂ ನಿಲ್ಲಿಸಬೇಕು. ಬ್ಯಾಕಪ್ ಸೌಲಭ್ಯವನ್ನೇ ಆಫ್ ಮಾಡಬಾರದು, ಹಾಗೆ ಮಾಡಿದರೆ ಇದ್ದ ಪ್ರತಿಯೂ ಅಳಿಯಬಹುದು.

ಈ ಪ್ರತಿಯನ್ನು ಬಳಕೆಯಲ್ಲಿರುವ ಫೋನಿಗೆ ನೇರವಾಗಿ ಇಳಿಸಲು ಬರುವುದಿಲ್ಲ, ಫೋನನ್ನು ಹೊಸದಾಗಿ ಸಿದ್ಧಪಡಿಸುವಾಗ ಮಾತ್ರ ಸಾಧ್ಯ. ಮನೆಯಲ್ಲಿ ಬಳಸದ ಇನ್ನೊಂದು ಆಂಡ್ರಾಯ್ಡ್ ಫೋನಿದ್ದರೆ ಅದನ್ನು ರೀಸೆಟ್ ಮಾಡಿ, ಅದೇ ಗೂಗಲ್ ಖಾತೆ ಕೊಟ್ಟು, ಸೋಮವಾರದ ಬ್ಯಾಕಪ್ ಆರಿಸುವುದೇ ಜಾಣತನ. ಅದರ ಆಂಡ್ರಾಯ್ಡ್ ಆವೃತ್ತಿ ಮಾತ್ರ ಮೊದಲ ಫೋನಿಗಿಂತ ಹಳೆಯದಾಗಿರಬಾರದು.

ಬ್ಯಾಕಪ್ಪೇ ಇಲ್ಲದಿದ್ದರೆ? ಮೆಸೇಜುಗಳಿರುವುದು `mmssms.db` ಎಂಬ ಕಡತದಲ್ಲಿ. ಅಳಿಸಿದ ಸಾಲಿನ ಚೂರುಗಳು ಅದರಲ್ಲಿ ಕೆಲಕಾಲ ಉಳಿಯುವುದುಂಟು, ಆದರೆ ಸಾಮಾನ್ಯ ಆ್ಯಪ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ. ಬೀಗ ತೆಗೆಯಲು ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ಫೋನಿನ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಕ್ಷಣದಲ್ಲಿ ಎಲ್ಲವನ್ನೂ ಮರಳಿಸುತ್ತೇವೆನ್ನುವ ರಿಕವರಿ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ.

ಕರೆಗಳ ಮಟ್ಟಿಗೆ ಇನ್ನೊಂದು ದಾರಿಯಿದೆ: ನಿಮ್ಮ ಸಿಮ್ ಕಂಪನಿಯಿಂದ ಕರೆಗಳ ವಿವರ ಕೇಳಿ ನೋಡಿ.