ಗಲ್ಲಾದ ಮಾತೇ ಗೂಗಲ್‌ನಲ್ಲೂ ಇರಲಿ

ವಾಷಿಂಗ್ ಮಷಿನ್ ಕೆಟ್ಟು ನಿಂತಾಗ ಮನೆಯವರು ಮೊಬೈಲ್ ತೆಗೆದು ಹತ್ತಿರದ ರಿಪೇರಿ ಅಂಗಡಿ ಹುಡುಕುತ್ತಾರೆ. ಐದಾರು ಹೆಸರು ಬರುತ್ತವೆ, ಎಲ್ಲಕ್ಕೂ ನಾಲ್ಕು ಚಿಲ್ಲರೆ ಸ್ಟಾರ್. ಇದರಲ್ಲಿ ಪಳಗಿದ ಗ್ರಾಹಕರು ಅಲ್ಲಿಂದ ಮುಂದೆ ಹೊಗಳಿಕೆಗಳನ್ನು ದಾಟಿ, ಒಂದು-ಎರಡು ಸ್ಟಾರಿನ ದೂರುಗಳಿಗೆ ಹೋಗುತ್ತಾರೆ. ದೂರಿನ ಕೆಳಗೆ ಮಾಲೀಕರು ಏನು ಬರೆದಿದ್ದಾರೆ ಎಂದು ಓದುತ್ತಾರೆ. ದೂರು ಇಲ್ಲದ ಅಂಗಡಿ ಇರುವುದಿಲ್ಲ ಎಂದು ಅವರಿಗೆ ಗೊತ್ತು. ನಾಳೆ ಮನೆಯೊಳಗೆ ಕರೆಯಬೇಕಾದವರು ಜಗಳ ಬಂದರೆ ಹೇಗೆ ಮಾತಾಡುತ್ತಾರೆ ಎಂದು ಅವರು ನೋಡುತ್ತಿರುತ್ತಾರೆ.

ಸೇವೆಯ ವ್ಯಾಪಾರದಲ್ಲಿ ತೋರಿಸಲು ಸರಕಿಲ್ಲ. ಬಟ್ಟೆ ಅಂಗಡಿಯವರು ಸೀರೆ ಬಿಚ್ಚಿ ತೋರಿಸಬಹುದು. ರಿಪೇರಿಯವರು ಮಾಡಿದ ಕೆಲಸ ಇನ್ನೊಬ್ಬರ ಮನೆಯ ಮೂಲೆಯಲ್ಲಿದೆ. ಹಾಗಾಗಿ ಇಂಥ ಅಂಗಡಿಯ ಗುರುತು ಬಹುಪಾಲು ಅದರ ಮಾತಿನಲ್ಲೇ ಇರುತ್ತದೆ: ಫೋನ್ ಎತ್ತಿದಾಗ ಹೇಳುವುದು, ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ಹೇಳುವುದು, ಬಿಲ್ಲಿನ ಕೆಳಗೆ ಅಚ್ಚಾಗಿರುವುದು, ವಾಟ್ಸಾಪ್‌ನಲ್ಲಿ ಕಳಿಸುವುದು. ಮಾರ್ಕೆಟಿಂಗ್‌ನವರು ಬ್ರ್ಯಾಂಡ್ ವಾಯ್ಸ್ ಎನ್ನುವುದು ಇದನ್ನೇ. ರಿವ್ಯೂಗೆ ಕೊಡುವ ಉತ್ತರ ಇದೇ ಮಾತಿನ ಮುಂದುವರಿಕೆ ಆಗಬೇಕು. ಆದರೆ ಹೆಚ್ಚಿನ ಕಡೆ ಮಾತು ಕಡಿದುಹೋಗುವುದು ಇಲ್ಲೇ. ಕೌಂಟರಿನಲ್ಲಿ ‘ಬನ್ನಿ ಸಾರ್, ಏನಾಯ್ತು ಹೇಳಿ’ ಎನ್ನುವ ಮಾಲೀಕರ ಹೆಸರಿನಲ್ಲಿ, ಆನ್‌ಲೈನ್ ಕೆಲಸಕ್ಕೆ ಇಟ್ಟುಕೊಂಡ ಏಜೆನ್ಸಿಯವರು ‘ಥ್ಯಾಂಕ್ ಯೂ ಫಾರ್ ಯುವರ್ ವ್ಯಾಲ್ಯುಯೆಬಲ್ ಫೀಡ್‌ಬ್ಯಾಕ್’ ಎಂದು ನೂರು ರಿವ್ಯೂಗೂ ಒಂದೇ ಸಾಲು ಅಂಟಿಸುತ್ತಾರೆ. ಇಲ್ಲವೆ ಮಾಲೀಕರೇ ಸಿಟ್ಟಿನಲ್ಲಿ ರಾತ್ರಿ ಕೂತು ಬರೆಯುತ್ತಾರೆ. ಎರಡರಲ್ಲೂ ಓದುವವರಿಗೆ ಸಿಗುವುದು ಆ ಅಂಗಡಿಯಲ್ಲಿ ಯಾರೂ ಎಂದೂ ಆಡದ ಮಾತು.

ಗೂಗಲ್‌ನಲ್ಲಿ ಉತ್ತರಿಸುವ ವ್ಯವಸ್ಥೆ ಹೇಗಿದೆ ಎಂದು ಮೊದಲು ತಿಳಿಯಬೇಕು. ಅಂಗಡಿಯ ಪುಟವನ್ನು ಗೂಗಲ್ ಬಿಸಿನೆಸ್ ಪ್ರೊಫೈಲ್ ಎನ್ನುತ್ತಾರೆ. 2021ಕ್ಕೆ ಮುಂಚೆ ಅದರ ಹೆಸರು ಗೂಗಲ್ ಮೈ ಬಿಸಿನೆಸ್ ಎಂದಿತ್ತು. ಪುಟ ತಮ್ಮದೇ ಎಂದು ಖಾತರಿ ಮಾಡಿಸಿಕೊಂಡ ಮಾಲೀಕರು ಅಥವಾ ಅವರು ನೇಮಿಸಿದ ಮ್ಯಾನೇಜರ್ ಮಾತ್ರ ಉತ್ತರ ಬರೆಯಬಹುದು. ಒಂದು ರಿವ್ಯೂಗೆ ಒಂದೇ ಉತ್ತರ. ಅದನ್ನು ಆಮೇಲೆ ತಿದ್ದಬಹುದು, ಅಳಿಸಬಹುದು. ರಿವ್ಯೂ ಬರೆದವರೂ ತಮ್ಮ ಬರಹವನ್ನೂ ಸ್ಟಾರನ್ನೂ ಬದಲಿಸಬಹುದು. ಅಂದರೆ ಇಲ್ಲಿ ಮಾತಿಗೆ ಮಾತು ಬೆಳೆಯುವುದಿಲ್ಲ. ಅಂಗಡಿಗೆ ಸಿಗುವ ಸರದಿ ಒಂದೇ. ಅದನ್ನು ದೂರಿದವರೂ ಓದುತ್ತಾರೆ, ಆರು ತಿಂಗಳ ಬಳಿಕ ಅಂಗಡಿ ಹುಡುಕುತ್ತ ಬರುವ ಅಪರಿಚಿತರೂ ಓದುತ್ತಾರೆ. ಬರೆಯುವಾಗ ಈ ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಮೈಸೂರಿನ ಒಂದು ಬಡಾವಣೆಯಲ್ಲಿ ಮೂವರು ಮೆಕ್ಯಾನಿಕ್ಕುಗಳಿರುವ ರಿಪೇರಿ ಅಂಗಡಿ. ಫ್ರಂಟ್ ಲೋಡ್ ಮಷಿನ್ ನೀರು ಹೊರಹಾಕುತ್ತಿಲ್ಲ ಎಂದು ಒಬ್ಬರು ಕರೆದರು. ಮೆಕ್ಯಾನಿಕ್ ಹೋಗಿ ಡ್ರೈನ್ ಪಂಪ್ ಬದಲಿಸಿದ, 1,850 ರೂಪಾಯಿ ಬಿಲ್ ಆಯಿತು. ಎಂಟು ದಿನಕ್ಕೆ ನೀರು ಮತ್ತೆ ನಿಂತಿತು. ಮೂರು ಸಲ ಫೋನ್ ಮಾಡಿದ ಮೇಲೆ, ನಾಲ್ಕನೇ ದಿನ ಹುಡುಗ ಬಂದು ಸರಿಮಾಡಿ 300 ರೂಪಾಯಿ ವಿಸಿಟಿಂಗ್ ಚಾರ್ಜ್ ತೆಗೆದುಕೊಂಡು ಹೋದ. ಗ್ರಾಹಕರು ಎರಡು ಸ್ಟಾರ್ ಕೊಟ್ಟು ಬರೆದರು: ‘ಎಂಟು ದಿನಕ್ಕೆ ಮತ್ತೆ ಕೆಟ್ಟಿತು. ಫೋನ್ ಮಾಡಿ ಮಾಡಿ ಸಾಕಾಯಿತು. ಅದೇ ಕೆಲಸಕ್ಕೆ ಎರಡು ಸಲ ದುಡ್ಡು.’

ಉತ್ತರ ಬರೆಯುವ ಮುಂಚೆ ಮಾಲೀಕರು ಜಾಬ್ ಕಾರ್ಡ್ ತೆಗೆದು ನೋಡಬೇಕು, ಹೋಗಿದ್ದ ಹುಡುಗನನ್ನು ಕೇಳಬೇಕು. ಇದನ್ನು ಬಿಟ್ಟು ಬರೆದ ಉತ್ತರ ಎಷ್ಟು ನಯವಾಗಿದ್ದರೂ ಟೊಳ್ಳು. ಇಲ್ಲಿ ವಿಚಾರಿಸಿದಾಗ ಮೂರು ಸಂಗತಿ ಹೊರಬಂದವು ಎಂದಿಟ್ಟುಕೊಳ್ಳಿ. ಎರಡನೇ ಸಲ ಪಂಪ್ ಚೆನ್ನಾಗಿಯೇ ಇತ್ತು; ಬಟ್ಟೆಯ ಜೇಬಿನಿಂದ ಜಾರಿದ ನಾಣ್ಯ ಡ್ರೈನ್ ಫಿಲ್ಟರಿನಲ್ಲಿ ಸಿಕ್ಕಿಕೊಂಡಿತ್ತು. ನಾಲ್ಕು ದಿನ ತಡವಾದದ್ದು ನಿಜ. ಕಾರಣ ಬೇರೆಯಾದರೆ ಮತ್ತೆ ಚಾರ್ಜ್ ಆಗುತ್ತದೆ ಎಂದು ಮೊದಲ ಬಿಲ್ಲಿನಲ್ಲಿ ಬರೆದಿರಲಿಲ್ಲ, ಹುಡುಗನೂ ಹೇಳಿರಲಿಲ್ಲ. ಎಂದರೆ ಅಂಗಡಿಯ ಕೈಗೆಲಸ ಸರಿ, ಮಾತು ತಪ್ಪಿದೆ.

ಸಿಟ್ಟಿನ ಉತ್ತರ ಇಷ್ಟರಲ್ಲಿ ಒಂದನ್ನೇ ಹಿಡಿದುಕೊಳ್ಳುತ್ತದೆ: ‘ನಿಮ್ಮ ನಾಣ್ಯ ಸಿಕ್ಕಿಕೊಂಡರೆ ನಾವೇನು ಮಾಡಲಿ?’ ಅದು ನಿಜವೇ. ಆದರೆ ಓದುವವರು ನಾಣ್ಯವನ್ನು ಮರೆತು ದನಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ಏಜೆನ್ಸಿಯ ಉತ್ತರ ‘ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ಮುಗಿಯುತ್ತದೆ. ಯಾವ ಅನನುಕೂಲ, ಮುಂದೇನು ಎಂಬುದು ಅದರಲ್ಲಿಲ್ಲ. ಕೌಂಟರಿನ ಮಾತಿನಲ್ಲಿ ಬರೆದರೆ ಹೀಗಿದ್ದೀತು:

‘ನಮಸ್ಕಾರ ಸರ್. ಅಂಗಡಿಯ ಮಾಲೀಕ ನಾನೇ ಬರೆಯುತ್ತಿದ್ದೇನೆ. ಮೂರು ಸಲ ಫೋನ್ ಮಾಡಿಸಿಕೊಂಡು ನಾಲ್ಕನೇ ದಿನಕ್ಕೆ ಬಂದದ್ದು ನಮ್ಮ ತಪ್ಪು, ಕ್ಷಮಿಸಿ. ಎರಡನೇ ಸಲ ಹಾಕಿದ ಪಂಪ್ ಸರಿಯಾಗಿಯೇ ಇತ್ತು, ಫಿಲ್ಟರಿನಲ್ಲಿ ನಾಣ್ಯ ಸಿಕ್ಕಿತ್ತು. ಬೇರೆ ಕಾರಣವಾದರೆ ವಿಸಿಟಿಂಗ್ ಚಾರ್ಜ್ ಆಗುತ್ತದೆ ಎಂದು ನಿಮಗೆ ಮೊದಲೇ ಹೇಳಬೇಕಿತ್ತು. ಹೇಳದೆ ತೆಗೆದುಕೊಂಡ 300 ರೂಪಾಯಿಯನ್ನು ವಾಪಸ್ ಕೊಡುತ್ತೇವೆ. ಇನ್ನು ಮುಂದೆ ಇದು ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ಪಂಪಿಗೆ ಮೂರು ತಿಂಗಳ ವಾರಂಟಿ ಹಾಗೇ ಇದೆ.’

ಈ ಉತ್ತರದಲ್ಲಿ ಅಂಗಡಿ ಎಲ್ಲಕ್ಕೂ ತಲೆಬಾಗಿಲ್ಲ. ಪಂಪಿನ ಕೆಲಸ ಸರಿಯಾಗಿತ್ತು ಎಂದು ಬೆರಳು ತೋರಿಸದೆ ಹೇಳಿದೆ. ‘ನಿಮ್ಮ ನಾಣ್ಯ’ ಎನ್ನದೆ ‘ನಾಣ್ಯ ಸಿಕ್ಕಿತ್ತು’ ಎಂದಿದೆ. ಹಣ ವಾಪಸ್ ಕೊಡುವ ಮಾತಿಗೆ ಕಾರಣವನ್ನೂ ಜೊತೆಗಿಟ್ಟಿದೆ, ಆದ್ದರಿಂದ ಗಲಾಟೆ ಮಾಡಿದರೆ ದುಡ್ಡು ಬರುತ್ತದೆ ಎಂಬ ಅರ್ಥ ಹೊರಡುವುದಿಲ್ಲ. ಬಿಲ್ಲಿನಲ್ಲಿ ಅಚ್ಚು ಹಾಕಿಸುತ್ತೇವೆ ಎಂದದ್ದು ಎಲ್ಲಕ್ಕಿಂತ ಭಾರದ ಮಾತು. ಬಿಲ್ ಪುಸ್ತಕ ಬದಲಾಗದಿದ್ದರೆ ಮುಂದಿನ ಗ್ರಾಹಕರು ಈ ಉತ್ತರವನ್ನೇ ಮೊಬೈಲಿನಲ್ಲಿ ತೆರೆದು ಹುಡುಗನ ಮುಂದೆ ಹಿಡಿಯುತ್ತಾರೆ. ಪಾಲಿಸಲಾಗದ್ದನ್ನು ಅಲ್ಲಿ ಬರೆಯಲೇಬಾರದು. ಉತ್ತರ ಬರೆದ ದಿನವೇ ಮೆಕ್ಯಾನಿಕ್ಕುಗಳಿಗೂ ಫೋನ್ ಎತ್ತುವವರಿಗೂ ಅದನ್ನು ಓದಿ ಹೇಳಬೇಕು. ಮುಂದುವರಿಕೆ ಎಂದರೆ ಎರಡೂ ದಿಕ್ಕಿನದು: ಕೌಂಟರಿನ ಮಾತು ಉತ್ತರಕ್ಕೆ ಬರಬೇಕು, ಉತ್ತರದ ಮಾತು ಕೌಂಟರಿಗೆ ಹೋಗಬೇಕು.

ಬರೆಯುವವರು ಬದಲಾದರೂ ದನಿ ಬದಲಾಗದಂತೆ ಕೆಲವನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ‘ನಾನು’ ಎನ್ನುವುದೋ ‘ನಾವು’ ಎನ್ನುವುದೋ. ಸರ್, ಮೇಡಂ ಎನ್ನುವುದೋ, ಅಣ್ಣ, ಅಕ್ಕ ಎನ್ನುವುದೋ. ಹುಬ್ಬಳ್ಳಿಯ ಅಂಗಡಿಯವರು ‘ರೀ’ ಎಂದು ಮಾತಾಡಿಸುವವರಾದರೆ ಉತ್ತರದಲ್ಲಿ ಅದು ಯಾಕೆ ಮಾಯವಾಗಬೇಕು? ಇನ್ನು ಭಾಷೆ. ಗ್ರಾಹಕರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದರೆ ಇಂಗ್ಲಿಷಿನಲ್ಲಿ ಉತ್ತರಿಸುವುದು ಸಹಜ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರಿಗೆ ಕನ್ನಡ ಲಿಪಿಯಲ್ಲೇ ಉತ್ತರಿಸಬಹುದು. ನನ್ನ ಮತ ಅದೇ. ಆದರೆ ಕೌಂಟರಿನಲ್ಲಿ ಯಾರೂ ಆಡದ ಗ್ರಾಂಥಿಕ ಕನ್ನಡ ಬೇಡ. ‘ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂಬುದು ಏಜೆನ್ಸಿಯ ಇಂಗ್ಲಿಷ್ ಸಾಲಿನಷ್ಟೇ ದೂರದ್ದು.

ಹೊಗಳಿದವರಿಗೆ ಉತ್ತರ ಒಂದೆರಡು ಸಾಲು ಸಾಕು, ಆದರೆ ಅದರಲ್ಲಿ ಆ ಕೆಲಸದ ಗುರುತಿರಬೇಕು: ‘ಡ್ರಮ್ ಬೇರಿಂಗ್ ಹಾಕಿದ ಮೇಲೆ ಸದ್ದು ನಿಂತಿತಲ್ಲ, ಸಂತೋಷ.’ ಹುಡುಕಾಟದಲ್ಲಿ ಮೇಲೆ ಬರಲೆಂದು ‘ಮೈಸೂರಿನ ನಂಬರ್ ಒನ್ ವಾಷಿಂಗ್ ಮಷಿನ್ ಸರ್ವಿಸ್’ ಎಂಬುದನ್ನು ಪ್ರತಿ ಉತ್ತರಕ್ಕೂ ತುರುಕುವವರಿದ್ದಾರೆ. ಅದನ್ನು ಬರೆದೊಡನೆ ಕೃತಜ್ಞತೆ ಜಾಹೀರಾತಾಗುತ್ತದೆ.

ಉತ್ತರಿಸಿದರೆ ನಿಜಕ್ಕೂ ಪ್ರಯೋಜನವಿದೆಯೆ ಎಂದು ಅಳೆದವರಿದ್ದಾರೆ. ದಾವಿದೆ ಪ್ರೊಸೆರ್ಪಿಯೊ ಮತ್ತು ಯೊರ್ಗೊಸ್ ಜೆರ್ವಾಸ್ ಎಂಬ ಸಂಶೋಧಕರು ಅಮೆರಿಕದ ಟೆಕ್ಸಸ್‌ನ ಹೋಟೆಲುಗಳನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಟ್ರಿಪ್‌ಅಡ್ವೈಸರ್‌ನಲ್ಲಿ ಉತ್ತರಿಸತೊಡಗಿದ ಹೋಟೆಲುಗಳಿಗೆ ಬರುವ ರಿವ್ಯೂಗಳು ಶೇ 12ರಷ್ಟು ಹೆಚ್ಚಿದವು, ಸರಾಸರಿ ಸ್ಟಾರ್ 0.12ರಷ್ಟು ಏರಿತು. ಏರಿಕೆ ಸಣ್ಣದು. ಅವರು ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ: ಕಡಿಮೆ ಸ್ಟಾರಿನ ರಿವ್ಯೂಗಳು ವಿರಳವಾದವು, ಆದರೆ ಬಂದವು ಉದ್ದವಾದವು. ಮಾಲೀಕರು ಓದುತ್ತಾರೆ ಎಂದು ಗೊತ್ತಾದಾಗ ಜನ ಸುಮ್ಮನೆ ಬೈದು ಹೋಗುವುದಿಲ್ಲ. ಬೈಯುವುದಾದರೆ ವಿವರ ಕೊಟ್ಟು ಬೈಯುತ್ತಾರೆ. ಹೋಟೆಲಿನ ಲೆಕ್ಕ ರಿಪೇರಿ ಅಂಗಡಿಗೆ ಹಾಗೇ ಅನ್ವಯಿಸುತ್ತದೆಂದು ಹೇಳಲಾಗದು, ಆದರೂ ವಿವರವಿರುವ ದೂರು ಅಂಗಡಿಗೆ ಉಪಯೋಗಕ್ಕೆ ಬರುವಂಥದ್ದು.

ದಾಟಬಾರದ ಗೆರೆಗಳೂ ಇವೆ. ಗ್ರಾಹಕರ ಫೋನ್ ನಂಬರು, ಮನೆ ವಿಳಾಸ, ಬಿಲ್ಲಿನ ಫೋಟೋ ಉತ್ತರದಲ್ಲಿ ಬರಕೂಡದು; ತಮ್ಮ ಪರ ಸಾಕ್ಷಿ ಎಂದು ಅವನ್ನು ಬಯಲಿಗಿಡುವುದು ಸೇಡಿನಂತೆಯೇ ಕಾಣುತ್ತದೆ. ‘ರಿವ್ಯೂ ತೆಗೆದರೆ ಮುಂದಿನ ಸರ್ವಿಸ್ ಉಚಿತ’ ಎಂದು ಚೌಕಾಸಿ ಮಾಡುವುದು ಗೂಗಲ್‌ನ ನಿಯಮಕ್ಕೇ ವಿರುದ್ಧ. ನಮ್ಮ ಉದಾಹರಣೆಯ 300 ರೂಪಾಯಿಯನ್ನು ಯಾವ ಷರತ್ತೂ ಇಲ್ಲದೆ ಕೊಡಬೇಕಾದದ್ದು ಇದಕ್ಕೇ. ಆನ್‌ಲೈನ್ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ದುಡ್ಡು ಕೊಟ್ಟು ಬರೆಸಿದ, ಸುಳ್ಳು ರಿವ್ಯೂಗಳನ್ನು ತಡೆಯುವುದು ಅದರ ಉದ್ದೇಶ.

ಎಂದೂ ಬಾರದವರು ಒಂದು ಸ್ಟಾರ್ ಒತ್ತಿದ್ದರೆ ಗೂಗಲ್‌ಗೆ ವರದಿ ಮಾಡಬಹುದು. ಬರೀ ಕಹಿಯಾಗಿದೆ ಎಂಬ ಕಾರಣಕ್ಕೆ ಗೂಗಲ್ ಯಾವ ರಿವ್ಯೂವನ್ನೂ ತೆಗೆಯುವುದಿಲ್ಲ. ತೀರ್ಮಾನವಾಗುವ ತನಕ ‘ಈ ಹೆಸರಿನಲ್ಲಿ ನಮ್ಮ ಪುಸ್ತಕದಲ್ಲಿ ಕೆಲಸ ಸಿಗುತ್ತಿಲ್ಲ, ಬಿಲ್ ನಂಬರ್ ಹಿಡಿದು ಅಂಗಡಿಗೆ ಒಂದು ಫೋನ್ ಮಾಡಿ’ ಎಂಬ ಸಾಲು ಸಾಕು. ಸುಳ್ಳುಗಾರ ಎನ್ನಬೇಡಿ, ಮಗನ ಹೆಸರಿನ ಖಾತೆಯಿಂದ ತಾಯಿ ಬರೆದಿರುವುದು ಅಪರೂಪವಲ್ಲ.

ಅಂಗಡಿಯ ದನಿ ಉಳಿದಿದೆಯೆ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಇತ್ತೀಚಿನ ಹತ್ತು ಉತ್ತರಗಳನ್ನು ಮೆಕ್ಯಾನಿಕ್ ಒಬ್ಬನಿಂದ ಗಟ್ಟಿಯಾಗಿ ಓದಿಸಿ. ಯಾವ ರಿವ್ಯೂಗೆ ಯಾವ ಉತ್ತರ ಎಂದು ಅವನಿಗೆ ಗುರುತು ಸಿಗದಿದ್ದರೆ ಅವು ಅಚ್ಚಿನ ಉತ್ತರಗಳು. ಓದುವಾಗ ನಾಲಿಗೆ ತಡವರಿಸಿದರೆ ಅದು ನಿಮ್ಮಲ್ಲಿ ಯಾರೂ ಆಡುವ ಮಾತಲ್ಲ.

ಇನ್ನು ನಮ್ಮಂಥ ಗ್ರಾಹಕರಿಗೆ ಒಂದು ವಿನಂತಿ. ಸಿಟ್ಟಿನಲ್ಲಿ ಎರಡು ಸ್ಟಾರ್ ಒತ್ತಿದ ಮೇಲೆ ಅಂಗಡಿಯವರು ಉತ್ತರಿಸಿ, ಹೇಳಿದಂತೆ ಬಂದು ಸರಿಮಾಡಿ ಹೋದರೆ, ಹಳೆಯ ದೂರನ್ನು ಅಳಿಸಬೇಕಾಗಿಲ್ಲ. ಅದರ ಕೆಳಗೆ ಆಮೇಲೆ ಏನಾಯಿತು ಎಂಬ ಒಂದು ಸಾಲು ಸೇರಿಸಿ. ನಿಮ್ಮ ರಿವ್ಯೂ ತೆರೆದು ತಿದ್ದಲು ನಿಮ್ಮೊಬ್ಬರಿಗೇ ಸಾಧ್ಯ.