ಐದನೆಯ ಅಳತೆ ಕೊಡಿ, ಗುಂಟೆ ಹೇಳುತ್ತೇನೆ

"ಸರ್, ನಮ್ಮ ಹೊಲದಾಗ ಹದಿನಾಲ್ಕ ಗುಂಟೆ ಕಡಿಮಿ ಬರಾಕತ್ತೈತ್ರಿ. ಯಾರರ ಬಾಂದಗಲ್ಲು ಸರಿಸ್ಯಾರೇನು, ಹೆಂಗ ನೋಡೂದು?"

ಸವದತ್ತಿ ತಾಲ್ಲೂಕಿನ ರೈತರೊಬ್ಬರ ಪತ್ರ ಹೀಗೆ ಶುರುವಾಗುತ್ತದೆ. ನೋಟ್‌ಬುಕ್ಕಿನ ಹಾಳೆಯ ಹಿಂಬದಿಗೆ ಎರಡು ಹೊಲಗಳ ಚಿತ್ರ ಬರೆದು ಕಳಿಸಿದ್ದಾರೆ. ಒಂದು ಬೈಲಹೊಂಗಲ ರಸ್ತೆಗೆ ಹತ್ತಿರದ ನಾಲ್ಕು ಮೂಲೆಯ ಎರಿ ಹೊಲ. ಇನ್ನೊಂದು ಮೂರು ಮೂಲೆಯದು, ಮಲಪ್ರಭೆಯ ಕಾಲುವೆ ಅಡ್ಡ ಹಾಯ್ದಾಗ ಉಳಿದ ತುಂಡು. ಎರಡರಲ್ಲೂ ಜೋಳ ನಿಂತಿದೆ. ಅಪ್ಪ-ಮಗ ಸೇರಿ ನೂರು ಅಡಿಯ ಟೇಪು ಹಿಡಿದು ಬದುವಿನ ಮೇಲಷ್ಟೇ ನಡೆದು ಅಳೆದಿದ್ದಾರೆ. ಕಳವಿನ ಅನುಮಾನ ಇರುವುದು ಮೂರು ಮೂಲೆಯ ಹೊಲದ ಮೇಲೆ.

ಅವರ ಅಳತೆಗಳನ್ನು ಒಂದೆರಡು ಅಡಿ ಅತ್ತಿತ್ತ ಮಾಡಿ ದುಂಡಗಾಗಿಸಿದ್ದೇನೆ, ಲೆಕ್ಕ ಕಣ್ಣಿಗೆ ಕಾಣಲಿ ಎಂದು. ಮೂರು ಬದುಗಳು 429, 462 ಮತ್ತು 495 ಅಡಿ. ಈ ಅಡಿಗಳನ್ನು 33ರಿಂದ ಭಾಗಿಸಿ ನೋಡಿ: 13, 14, 15. ಮುಂಬಯಿ ಪ್ರಾಂತದ ಕಾಲದ ಮೋಜಣಿಯ ಸರಪಳಿ 33 ಅಡಿ ಉದ್ದದ್ದು. ಬೆಳಗಾವಿ ಜಿಲ್ಲೆ 1956ರವರೆಗೂ ಆ ಸೀಮೆಯಲ್ಲೇ ಇತ್ತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಹಾಗಾಗಿ ಬದುವನ್ನು ಸರಪಳಿಯಲ್ಲಿ ಅಳೆದರೆ ಉತ್ತರ ಸೀದಾ ಗುಂಟೆಯಲ್ಲೇ ಬರುತ್ತದೆ. ಇದಕ್ಕಿಂತ ಚೆಂದದ ಅಳತೆ ನನಗೆ ಗೊತ್ತಿಲ್ಲ. ಮೀಟರು ಬಂದ ಮೇಲೆ ಈ ಸುಖ ಹೋಯಿತು.

ಮನೆಯ ಹಿರಿಯರು ಕಲಿಸಿದ ಲೆಕ್ಕ ಹೀಗಿದೆಯಂತೆ: ಎದುರುಬದುರಿನ ಎರಡು ಬದು ಕೂಡಿಸಿ ಅರ್ಧ ಮಾಡು, ಉಳಿದ ಬದುವಿನ ಅರ್ಧದಿಂದ ಗುಣಿಸು. 13 ಮತ್ತು 15ರ ಅರ್ಧ ಮೊತ್ತ 14. ಉಳಿದ ಬದು 14ರ ಅರ್ಧ 7. ಗುಣಿಸಿದರೆ 98 ಗುಂಟೆ. ಉತಾರದಲ್ಲಿ ಇರುವುದು 2 ಎಕರೆ 4 ಗುಂಟೆ, ಅಂದರೆ 84. ಹದಿನಾಲ್ಕು ಗುಂಟೆ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ, ಅದು ಇರಲೇ ಇಲ್ಲ. ಮೂರು ಬದುಗಳನ್ನೂ ಕೂಡಿಸಿ ಅರ್ಧ ಮಾಡಿ: 42ರ ಅರ್ಧ 21. ಇದೇ ಅರ್ಧಸುತ್ತಳತೆ. ಅದರಿಂದ ಒಂದೊಂದೇ ಬದುವನ್ನು ಕಳೆಯಿರಿ: 8, 7, 6. ಈ ನಾಲ್ಕನ್ನೂ ಗುಣಿಸಿದರೆ 21 × 8 × 7 × 6 = 7056. ಅದರ ವರ್ಗಮೂಲ ಸರಿಯಾಗಿ 84. ಉತಾರ ಸರಿಯಿದೆ, ಬಾಂದಗಲ್ಲು ಇದ್ದಲ್ಲೇ ಇದೆ, ಪಕ್ಕದ ಹೊಲದವರು ನಿರಪರಾಧಿ. ಶಾಲೆಯ ಪುಸ್ತಕದಲ್ಲಿ ಹೆರಾನನ ಸೂತ್ರ ಎಂದು ಓದಿದ್ದೀರಲ್ಲ, ಇದು ಅದೇ:

A = √(s(s−a)(s−b)(s−c))

ಪತ್ರದಲ್ಲಿ ಇನ್ನೊಂದು ಸಾಲಿತ್ತು. ಮೂರು ಮೂಲೆಯ ಹೊಲ ಕೋರ್ಟು-ಕಚೇರಿ ಹತ್ತಿಸುತ್ತದೆ, ಮಾರಿಬಿಡಿ ಎಂದು ವಾಸ್ತು ನೋಡಿದವರೊಬ್ಬರು ಹೇಳಿದ್ದಾರಂತೆ. ಹತ್ತಿಸುವುದು ಖರೆ, ಆದರೆ ಮೂಲೆಗಳಿಂದಲ್ಲ, ಮೇಲಿನ ಗುಣಾಕಾರದಿಂದ. ಆರರಲ್ಲಿ ಒಂದು ಪಾಲು ಹೆಚ್ಚಿಗೆ ತೋರಿಸುವ ಲೆಕ್ಕ ಇಟ್ಟುಕೊಂಡು ಉತಾರ ನೋಡಿದರೆ ಯಾರಿಗಾದರೂ ಜಗಳ ತೆಗೆಯುವ ಮನಸ್ಸಾಗುತ್ತದೆ.

ಹಿರಿಯರನ್ನು ಹಳಿಯಬೇಡಿ. ಅವರ ಲೆಕ್ಕಕ್ಕೆ ದೊಡ್ಡ ವಂಶಾವಳಿ ಇದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಇದೇ ರೀತಿಯನ್ನು ಹೇಳಿ ಅದನ್ನು 'ಸ್ಥೂಲ' ಎಂದು ಕರೆದ. ಅದರ ಬೆನ್ನಿಗೇ 'ಸೂಕ್ಷ್ಮ'ವೆಂದು ಅರ್ಧಸುತ್ತಳತೆಯ ರೀತಿಯನ್ನು ಕೊಟ್ಟ. ನಮ್ಮ ನೆಲದಲ್ಲೇ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಎರಡನ್ನೂ ಬೇರೆಬೇರೆಯಾಗಿ ಇಟ್ಟ. ಅವನು ಒರಟು ಲೆಕ್ಕಕ್ಕೆ ಬಳಸಿದ ಹೆಸರು 'ವ್ಯಾವಹಾರಿಕ'. ಸಾವಿರ ವರ್ಷಗಳಲ್ಲಿ ನಾವು ವ್ಯಾವಹಾರಿಕವನ್ನು ಹೊಲಕ್ಕೆ ಉಳಿಸಿಕೊಂಡು ಸೂಕ್ಷ್ಮವನ್ನು ಪರೀಕ್ಷೆಗೆ ಕಳಿಸಿದೆವು. ಅಲೆಕ್ಸಾಂಡ್ರಿಯಾದ ಹೆರಾನ್ ಒಂದನೆಯ ಶತಮಾನದವನು. ತನ್ನ ಪುಸ್ತಕದಲ್ಲಿ ಅವನು ಬಿಡಿಸಿ ತೋರಿಸಿದ ತ್ರಿಕೋನವೂ 13, 14, 15ರದ್ದೇ.

8, 7, 6 ಎಂದು ಕಳೆದೆವಲ್ಲ, ಆ ಸಂಖ್ಯೆಗಳು ಹೊಲದಲ್ಲಿ ಎಲ್ಲಿವೆ? ನನಗೆ ಈ ಸೂತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಮೂರೂ ಬದುಗಳಿಗೆ ತಾಗುವಂತೆ ಹೊಲದ ನಡುವೆ ಒಂದು ದೊಡ್ಡ ಕಣ ಮಾಡಿದ್ದೀರಿ ಅನ್ನಿ. ನಡುವೆ ಮೇಟಿ ನೆಟ್ಟಿದ್ದೀರಿ. ಕಣ ಪ್ರತಿ ಬದುವನ್ನು ಒಂದೊಂದು ಕಡೆ ಮುಟ್ಟುತ್ತದೆ. ಒಂದು ಮೂಲೆಯಲ್ಲಿ ನಿಂತು ಎಡಬದುವಿನ ಮೇಲೆ ಆ ಮುಟ್ಟುವ ಜಾಗದವರೆಗೆ ನಡೆದರೆ 8 ಸರಪಳಿ. ಬಲಬದುವಿನ ಮೇಲೆ ನಡೆದರೂ 8. ಎರಡನೆಯ ಮೂಲೆಯಿಂದ ಎರಡೂ ಕಡೆ 7, ಮೂರನೆಯದರಿಂದ 6. ಕಳೆದು ಬಂದ ಸಂಖ್ಯೆಗಳು ಕಾಗದದ ಆಟವಲ್ಲ, ಬದುವಿನ ಮೇಲೆ ಗೂಟ ಬಡಿದು ತೋರಿಸಬಹುದಾದ ದೂರಗಳು.

ಈಗ ಮೇಟಿಯಿಂದ ಮೂರು ಮೂಲೆಗಳಿಗೂ ಹಗ್ಗ ಎಳೆಯಿರಿ. ಹೊಲ ಮೂರು ತ್ರಿಕೋನಗಳಾಯಿತು. ಮೇಟಿಯಿಂದ ಯಾವ ಬದುವಿಗಾದರೂ ನೇರ ದೂರ ಒಂದೇ, ಕಣದ ತ್ರಿಜ್ಯ; ಈ ಹೊಲದಲ್ಲಿ ಅದು 4 ಸರಪಳಿ. ತ್ರಿಕೋನಗಳು 26, 28, 30 ಗುಂಟೆ. ಕೂಡಿಸಿದರೆ 84. ಅಂದರೆ ಕ್ಷೇತ್ರಫಲವೆಂಬುದು ಅರ್ಧಸುತ್ತಳತೆ 21ನ್ನು 4ರಿಂದ ಗುಣಿಸಿದ್ದು. ಬೆಳೆ ನಿಂತಾಗ ಒಳಗೆ ಹೋಗಿ ಮೇಟಿ ನೆಡಲಾಗದು, ಎತ್ತರದ ಲಂಬ ಹಾಕಲೂ ಆಗದು. ಬದುವಿನ ಮೇಲೆ ನಿಂತೇ ಆ 4ನ್ನು ಹುಡುಕಿಕೊಡುವ ಯುಕ್ತಿಯೇ ಈ ವರ್ಗಮೂಲ.

ಅಡಿಯಲ್ಲೇ ಲೆಕ್ಕ ಹಾಕುವವರಿಗೆ ಒಂದು ಮಾತು. 693 × 264 × 231 × 198 ಎಂದು ಒತ್ತಿದರೆ ಹತ್ತು ಅಂಕಿಯ ಸಂಖ್ಯೆ ಬರುತ್ತದೆ. ಎಂಟು ಅಂಕಿಯ ಅಂಗಡಿ ಕ್ಯಾಲ್ಕುಲೇಟರ್ ಅದನ್ನು ಹಿಡಿಯಲಾರದೆ E ತೋರಿಸಿ ಕೂರುತ್ತದೆ. ಮೊದಲು 33ರಿಂದ ಭಾಗಿಸಿಕೊಳ್ಳಿ, ತಂಟೆಯೇ ಇಲ್ಲ. ವರ್ಗಮೂಲದೊಳಗೆ ಋಣಸಂಖ್ಯೆ ಬಂತೋ, ಅಳತೆ ತಪ್ಪಿದೆ ಎಂದೇ ಅರ್ಥ: ಎರಡು ಬದುಗಳ ಮೊತ್ತ ಮೂರನೆಯದಕ್ಕಿಂತ ಕಡಿಮೆಯಿರುವ ಹೊಲ ಭೂಮಿಯ ಮೇಲಿಲ್ಲ. ನಾನು ಕಂಡಂತೆ ಹೆಚ್ಚಿನ ತಪ್ಪು ಅಂಗುಲಗಳದ್ದಲ್ಲ. ಟೇಪು ಜಾಲಿಮುಳ್ಳಿಗೆ ಸಿಕ್ಕಿ, ಬಿಡಿಸಿಕೊಳ್ಳುವ ಗದ್ದಲದಲ್ಲಿ ಒಂದಿಡೀ ನೂರಡಿ ಎಣಿಸಲು ಮರೆತಿರುತ್ತಾರೆ. ಪ್ರತಿ ಟೇಪಿಗೂ ಒಂದು ಕಡ್ಡಿ ನೆಡಿ.

ಸೂತ್ರಕ್ಕೂ ಒಂದು ದೌರ್ಬಲ್ಯವಿದೆ. ಕಾಲುವೆಯ ಪಕ್ಕ ಉಳಿಯುವ ಈಟಿಯಂಥ ಚೂಪು ತುಂಡು ನೋಡಿರುತ್ತೀರಿ. 300, 200, 101 ಅಡಿಯ ಬದುಗಳು ಅನ್ನಿ. ಉತ್ತರ ಸುಮಾರು 1736 ಚದರ ಅಡಿ, ಒಂದೂವರೆ ಗುಂಟೆಗೆ ತುಸು ಹೆಚ್ಚು. ಟೇಪು ಜೋತುಬಿದ್ದು 101ರ ಬದಲು 102 ಎಂದು ಓದಿದರೆ 2460 ಚದರ ಅಡಿ, ಎರಡು ಗುಂಟೆ ದಾಟಿತು. 100 ಎಂದು ಓದಿದರೆ? 200 ಮತ್ತು 100 ಸೇರಿ 300 ಆಗಿ ತ್ರಿಕೋನ ಮಲಗಿಬಿಟ್ಟಿತು, ಹೊಲ ಸೊನ್ನೆ. ಒಂದೇ ಅಡಿಯ ತಪ್ಪಿಗೆ ಇಷ್ಟು. ಅದೇ ನಮ್ಮ 84 ಗುಂಟೆಯ ಹೊಲದಲ್ಲಿ 429 ಅಡಿಯ ಬದುವನ್ನು 430 ಎಂದು ಓದಿದರೂ ವ್ಯತ್ಯಾಸ ಗುಂಟೆಯ ಆರನೇ ಒಂದು ಭಾಗದಷ್ಟೂ ಆಗದು. ತುಂಡು ಮೈದುಂಬಿಕೊಂಡಷ್ಟೂ ಸೂತ್ರವನ್ನು ನಂಬಬಹುದು.

ಇನ್ನು ಎರಡನೆಯ ಹೊಲ. ಬದುಗಳು 429, 495, 429, 495 ಅಡಿ. ಸರಪಳಿಯಲ್ಲಿ 13, 15, 13, 15. "ಇದಂತೂ ಸರಳ ಐತಿ, 195 ಗುಂಟೆ ಅಲ್ರಿ?" ಎಂದು ಕೇಳಿದ್ದಾರೆ.

ಸರಳವೇ ಅಲ್ಲ. ಹೊರಸಿನ ಚೌಕಟ್ಟು ಸಡಿಲಾದಾಗ ಒಂದು ಮೂಲೆ ಹಿಡಿದು ನೂಕಿ ನೋಡಿದ್ದೀರಾ? ನಾಲ್ಕು ಕಟ್ಟಿಗೆಗಳ ಉದ್ದ ಕೂದಲಷ್ಟೂ ಬದಲಾಗದೆ ಹೊರಸು ವಾಲುತ್ತದೆ, ಒಳಗಿನ ಜಾಗ ಮಾತ್ರ ಕುಗ್ಗುತ್ತದೆ. ಹೊಲವೂ ಅಷ್ಟೇ. ಮೂಲೆಗಳು ಸರಿಯಾಗಿ ಕಾಟಕೋನದಲ್ಲಿದ್ದರೆ 195 ಗುಂಟೆ, 4 ಎಕರೆ 35. ಎದುರು ಮೂಲೆಗಳ ನಡುವಿನ ದೂರ 14 ಸರಪಳಿ ಇದ್ದರೆ ಅದು 13-14-15ರ ಎರಡು ತ್ರಿಕೋನಗಳು, ಒಟ್ಟು 168 ಗುಂಟೆ, 4 ಎಕರೆ 8. ಆ ದೂರ ಬರೀ 4 ಸರಪಳಿ ಇದ್ದರೆ? 13, 15, 4ರ ತ್ರಿಕೋನ: ಅರ್ಧಸುತ್ತಳತೆ 16, ಕಳೆದರೆ 3, 1, 12. ಗುಣಲಬ್ಧ 576, ವರ್ಗಮೂಲ 24. ಎರಡು ಸೇರಿ 48 ಗುಂಟೆ, 1 ಎಕರೆ 8. ಅವೇ ನಾಲ್ಕು ಬದುಗಳು, ಅದೇ ಬೇಲಿ ತಂತಿ. ಉಳಿದ ಎರಡು ಬದುಗಳನ್ನೂ ಕೂಡಿಸಿ ಅರ್ಧ ಮಾಡಿ ಗುಣಿಸಿದರೆ ಹಿರಿಯರ ಲೆಕ್ಕಕ್ಕೆ ಮೂರೂ ಹೊಲಗಳು 195 ಗುಂಟೆಯವೇ. ಮೂರು ಕಟ್ಟಿಗೆಗಳ ಚೌಕಟ್ಟು ವಾಲುವುದಿಲ್ಲ. ಅದಕ್ಕೇ ತ್ರಿಕೋನಕ್ಕೆ ಮಾತ್ರ ಬದುಗಳಷ್ಟೇ ಸಾಕು.

ಇದನ್ನು ನಾನು ಹೇಳಿದರೆ ನಂಬದವರು ಭಾಸ್ಕರಾಚಾರ್ಯನ ಮಾತು ಕೇಳಲಿ. 1150ರ 'ಲೀಲಾವತಿ'ಯಲ್ಲಿ ಅವನು ಸಿಟ್ಟಾಗುವುದು ಈ ಜಾಗದಲ್ಲಿ. ಲಂಬವನ್ನಾಗಲಿ ಕರ್ಣವನ್ನಾಗಲಿ ಹೇಳದೆ ನಾಲ್ಕು ಬದಿಯ ಹೊಲದ ಕ್ಷೇತ್ರಫಲ ಕೇಳುವವನು ಪಿಶಾಚಿ ಎನ್ನುತ್ತಾನೆ. ಅಷ್ಟಕ್ಕೆ ನಿಲ್ಲದೆ, ಅಂಥ ಪ್ರಶ್ನೆಗೆ ಉತ್ತರ ಕೊಡುವವನು ಅವನಿಗಿಂತ ದೊಡ್ಡ ಪಿಶಾಚಿ ಎಂದೂ ಸೇರಿಸುತ್ತಾನೆ. ಗಣಿತದ ಪುಸ್ತಕದಲ್ಲಿ ಇಂಥ ಬೈಗುಳ ನಾನು ಬೇರೆಲ್ಲೂ ಓದಿಲ್ಲ. ಬ್ರಹ್ಮಗುಪ್ತನ ನಾಲ್ಕು ಬದಿಯ ಸೂತ್ರ ನಾಲ್ಕೂ ಮೂಲೆ ಒಂದೇ ವೃತ್ತದ ಮೇಲೆ ಕೂತಾಗ ಮಾತ್ರ ಸರಿ. ಈ ಹೊಲಕ್ಕೆ ಹಚ್ಚಿದರೆ ಅದೂ 195 ಎನ್ನುತ್ತದೆ, ಅಂದರೆ ಆ ಬದುಗಳಲ್ಲಿ ಹಿಡಿಸಬಹುದಾದ ಅತಿ ಹೆಚ್ಚಿನ ನೆಲ.

ಆದ್ದರಿಂದ ಅಣ್ಣಾರೆ, ಎರಡನೆಯ ಹೊಲದ ಗುಂಟೆ ನಾನು ಹೇಳುವುದಿಲ್ಲ. ನಮ್ಮಿಬ್ಬರಲ್ಲಿ ದೊಡ್ಡ ಪಿಶಾಚಿಯಾಗಲು ಮನಸ್ಸಿಲ್ಲ. ಜೋಳ ಕಿತ್ತ ಮೇಲೆ ಎದುರು ಮೂಲೆಯಿಂದ ಎದುರು ಮೂಲೆಗೆ ಟೇಪು ಬಿಗಿಯಾಗಿ ಹಿಡಿದು ಅಳೆಯಿರಿ. ಎರಡು ಕರ್ಣಗಳಲ್ಲಿ ಗಿಡ್ಡದ್ದನ್ನು ಲೆಕ್ಕಕ್ಕೆ ಹಿಡಿಯಿರಿ, ಉದ್ದದ್ದನ್ನು ತಾಳೆ ನೋಡಲು ಇಟ್ಟುಕೊಳ್ಳಿ. ಎರಡರಿಂದಲೂ ಒಂದೇ ಉತ್ತರ ಬರದಿದ್ದರೆ ಅಳೆದದ್ದರಲ್ಲೇ ಎಲ್ಲೋ ತಪ್ಪಿದೆ. ಹದ್ದುಬಸ್ತಿಗೆ ಅರ್ಜಿ ಹಾಕುವುದು ಆಮೇಲೆ. ಆ ಐದನೆಯ ಅಳತೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ, ಉತ್ತರ ಮರುಟಪಾಲಿಗೆ ಬರುತ್ತದೆ.